ದೆಹಲಿಯಿಂದ ಸಾಗರಕ್ಕೆ, ಒಂದು ನಾಯಿಯ ಜೊತೆ

ಮೊದಲ ದಿನ

ಹೊಸದಿಲ್ಲಿ ಸ್ಟೇಷನ್ನಿನಲ್ಲಿ ಮಗ ನಮ್ಮಿಬ್ಬರನ್ನೂ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿದ. ಚೀಲಗಳನ್ನು ಸೀಟಿನಡಿ ತುರುಕಿ, ನೀರಿನ ಬಾಟಲಿ ತಂದುಕೊಟ್ಟು, ರೈಲು ಅಲುಗಿದ ಮೇಲೂ ಗಾಜಿನಾಚೆ ನಾಲ್ಕು ಹೆಜ್ಜೆ ನಡೆದ. ಮೊಮ್ಮಗ ಅಪ್ಪನಿಗೆ ಕೈ ಬೀಸಿದ್ದು ಒಂದೇ ಸಲ. ಆಮೇಲೆ ಮೇಲಿನ ಬರ್ತು ಹತ್ತಿ ಮೊಬೈಲ್ ಹಿಡಿದು ಮಲಗಿದವನು ಮಥುರಾ ದಾಟಿದರೂ ಈಚೆ ತಿರುಗಲಿಲ್ಲ.

ಹತ್ತನೇ ತರಗತಿ ಮುಗಿಸಿದ ಹುಡುಗ. ರಜೆಗೆ ಅಜ್ಜನ ಮನೆಗೆ ಹೊರಟಿದ್ದಾನೆ. ಸಾಗರದಿಂದ ಒಳಗೆ ಎಂಟು ಕಿಲೋಮೀಟರ್ ದೂರದ ಮನೆ, ಒಂದೂವರೆ ಎಕರೆ ಅಡಿಕೆ ತೋಟ, ನೆಟ್‌ವರ್ಕ್ ಬೇಕಾದರೆ ದಣಪೆ ದಾಟಿ ದಿಬ್ಬ ಹತ್ತಬೇಕು. ಇದೆಲ್ಲ ಗೊತ್ತಿದ್ದೂ ಬರುತ್ತೇನೆ ಎಂದಿದ್ದ. ನನಗೆ ಅದು ಆಶ್ಚರ್ಯ. ಯಾಕೆಂದರೆ ಒಂಬತ್ತು ತಿಂಗಳಿಂದ ನಾವಿಬ್ಬರೂ ಸರಿಯಾಗಿ ಮಾತಾಡಿರಲಿಲ್ಲ.

ಕಾರಣ ಸಣ್ಣದು, ಹೇಳಿಕೊಳ್ಳಲಿಕ್ಕೂ ನಾಚಿಕೆ. ಹೋದ ಮಳೆಗಾಲ ನಮ್ಮ ತೋಟಕ್ಕೆ ಕೊಳೆ ರೋಗ ಬಿತ್ತು. ಆಷಾಢದಲ್ಲಿ ಹಿಡಿದ ಮಳೆ ಶ್ರಾವಣ ಕಳೆದರೂ ಬಿಡಲಿಲ್ಲ. ಎರಡನೇ ಸಲದ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗಲಿಲ್ಲ, ಸಿಕ್ಕ ದಿನ ಮರ ಜಾರುತ್ತಿತ್ತು. ಬೆಳಗೆದ್ದು ನೋಡಿದರೆ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಗೆ ಹಾಸಿದಂತೆ ಬಿದ್ದಿರುತ್ತಿತ್ತು, ಮೇಲೆ ಬಿಳಿ ಬೂಸ್ಟು. ಮನೆಯ ವಾಟ್ಸಾಪ್ ಗುಂಪಿನಲ್ಲಿ ಮಗ ಕೇಳಿದ, ತೋಟ ಹೇಗಿದೆ ಅಪ್ಪ ಅಂತ. ನಾನು ಬರೆದೆ: "ಎಲ್ಲಾ ಸರಿ ಇದೆ. ಚಿಂತೆ ಬೇಡ." ಅದರ ಕೆಳಗೆ ಮೊಮ್ಮಗ ಒಂದು ಚಿತ್ರ ಹಾಕಿದ. ಟೋಪಿ ಹಾಕಿದ ನಾಯಿಯೊಂದು ಕುರ್ಚಿಯಲ್ಲಿ ಕೂತಿದೆ. ಸುತ್ತ ಬೆಂಕಿ.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನನ್ನು ಮೊಮ್ಮಗ ನಾಯಿ ಮಾಡಿದ್ದ, ಅದೂ ಅಳಿಯಂದಿರಿರುವ ಗುಂಪಿನಲ್ಲಿ. ನಾನು "ಸರಿ." ಎಂದು ಬರೆದು ಸುಮ್ಮನಾದೆ.

ಗ್ವಾಲಿಯರ್ ಹೊತ್ತಿಗೆ ದೀಪ ಆರಿಸಿದರು. ಮೇಲಿನ ಬರ್ತಿನಲ್ಲಿ ಸದ್ದಿಲ್ಲದ ನಗು. ಹೊಟ್ಟೆ ಕುಣಿಯುವ ರಭಸಕ್ಕೆ ಬರ್ತಿನ ಸರಪಳಿ ಕಿಣಿಕಿಣಿ ಎನ್ನುತ್ತಿತ್ತು.

"ಎಂತಕ್ಕೆ ನಗ್ತೀಯ ಮಾಣಿ?"

"ಹೇಳಿದ್ರೆ ನಗು ಬರಲ್ಲ ಅಜ್ಜ."

ಮಾತು ನ್ಯಾಯವೇ. ಒಗಟನ್ನು ಬಿಡಿಸಿ ಹೇಳಿದರೆ ಅದು ಒಗಟಾಗಿ ಉಳಿಯುವುದಿಲ್ಲ. ಆದರೆ ಬಿಡಿಸಲು ಬಾರದವನಿಗೆ ಒಂದು ಸಲವಾದರೂ ಯಾರಾದರೂ ಬಿಡಿಸಿ ತೋರಿಸಲೇಬೇಕಲ್ಲ.

ಎರಡನೇ ದಿನ

ಕಣ್ಣು ಬಿಟ್ಟಾಗ ಭೋಪಾಲ್ ಹಿಂದಾಗಿತ್ತು. ಇಟಾರ್ಸಿಯಲ್ಲಿ ಬಿಸಿ ಪೂರಿ ಮಾರುವವನು ಬಂದ. ಸೊಸೆ ಕಟ್ಟಿಕೊಟ್ಟ ಚಪಾತಿ ಚೀಲದಲ್ಲಿ ಬೆಚ್ಚಗೆ ಕೂತಿತ್ತು, ಆದರೂ ಇಬ್ಬರೂ ಪೂರಿಗೆ ಕೈ ಚಾಚಿದೆವು. ತಿಂದು ಕೈ ಒರೆಸಿಕೊಳ್ಳುತ್ತಾ ಹುಡುಗ ತಾನಾಗಿಯೇ ಪಕ್ಕ ಬಂದು ಕೂತ. ಚಾರ್ಜ್ ಹಾಕುವ ತೂತು ನನ್ನ ತಲೆಯ ಹತ್ತಿರ ಇತ್ತು, ಕಾರಣ ಅದೇ ಇರಬೇಕು.

"ನಿನ್ನೆ ನಕ್ಕಿದ್ದು ತೋರಿಸು" ಅಂದೆ.

ತೋರಿಸಿದ. ಒಂದು ರಸ್ತೆ. ಚೌಕುಳಿ ಅಂಗಿಯ ಯುವಕ ಪ್ರೇಯಸಿಯ ಕೈ ಹಿಡಿದು ನಡೆಯುತ್ತಲೇ ಕತ್ತು ಹಿಂದೆ ತಿರುಗಿಸಿ, ತುಟಿ ಮುಂದೆ ಮಾಡಿ, ದಾಟಿಹೋದ ಇನ್ನೊಬ್ಬಳನ್ನು ನೋಡುತ್ತಿದ್ದಾನೆ. ಅವಳದು ಕೆಂಪು ಉಡುಪು, ಕ್ಯಾಮೆರಾಕ್ಕೆ ತೀರ ಹತ್ತಿರವಾಗಿ ಮಸುಕಾಗಿದ್ದಾಳೆ. ಕೈ ಹಿಡಿದವಳ ಬಾಯಿ ತೆರೆದುಕೊಂಡಿದೆ. ಯುವಕನ ಮೇಲೆ "ನಾನು" ಎಂದು ಬರೆದಿದೆ. ಕೈ ಹಿಡಿದವಳ ಮೇಲೆ "ನಾಳೆಯ ಗಣಿತ ಪರೀಕ್ಷೆ". ಕೆಂಪು ಉಡುಪಿನವಳ ಮೇಲೆ "ಎರಡು ವರ್ಷದಿಂದ ಜೋಡಿಸದ ಪುಸ್ತಕದ ಕಪಾಟು".

"ಈ ಹುಡುಗ ಯಾರ ಮನೆಯವನು?" ಎಂದು ಕೇಳಿದೆ.

ಮೊಮ್ಮಗ ನನ್ನನ್ನು ನೋಡಿದ ನೋಟದಲ್ಲಿ ಕರುಣೆ ಇತ್ತು. "ಅವನು ಯಾರಾದ್ರೆ ಏನಜ್ಜ? ಅವನು ಯಾರೂ ಅಲ್ಲ. ಸ್ಪೇನಿನಲ್ಲಿ ತೆಗೆದ ಫೋಟೋ. ಕಂಪನಿಗಳು ಜಾಹೀರಾತಿಗೆ ಕೊಂಡುಕೊಳ್ಳಲಿ ಅಂತ ತೆಗೆದಿಡ್ತಾರಲ್ಲ, ಆ ತರಹದ್ದು." ಹುಡುಕಿ ಓದಿದ. ಛಾಯಾಗ್ರಾಹಕ ಆಂತೋನಿಯೋ ಗಿಯೆಮ್, ತೆಗೆದದ್ದು 2015ರಲ್ಲಿ, ಜಿರೋನಾ ಎಂಬ ಊರಿನಲ್ಲಿ. ಜನ ಇದರ ಮೇಲೆ ಹೆಸರು ಬರೆದು ಹಂಚತೊಡಗಿದ್ದು 2017ರಲ್ಲಿ.

ನನ್ನ ತಪ್ಪು ಎಲ್ಲಿದೆ ಎಂದು ಆಗ ತಿಳಿಯಿತು. ನಾನು ಚಿತ್ರವನ್ನು ಕಥೆಯಂತೆ ಓದುತ್ತಿದ್ದೆ. ಈ ಹುಡುಗ ಕೆಟ್ಟವನು, ಆ ಹುಡುಗಿ ಪಾಪ, ಗಣಿತ ಇವರ ನಡುವೆ ಎಲ್ಲಿಂದ ಬಂತು ಅಂತ. ಅವರು ಓದುವುದು ವಾಕ್ಯದಂತೆ. ಯಾರು, ಯಾವುದನ್ನು ಬಿಟ್ಟು, ಯಾವುದರ ಕಡೆ ವಾಲಿದರು? ಇಷ್ಟೇ ವಾಕ್ಯ. ಚಿತ್ರದ ಕೆಲಸ ಮೂರು ವಿಭಕ್ತಿ ಪ್ರತ್ಯಯಗಳ ಕೆಲಸ. ಹೆಸರುಗಳನ್ನು ನಾವು ತಂದು ಹಾಕಬೇಕು.

"ಅಂದ್ರೆ ಇದು ಬಿಟ್ಟ ಸ್ಥಳ ತುಂಬಿರಿ!" ಅಂದೆ.

"ಹ್ಞಾಂ, ಅದನ್ನೇ ಟೆಂಪ್ಲೇಟ್ ಅಂತೀವಿ."

ಎಷ್ಟು ಪ್ರಶ್ನೆಪತ್ರಿಕೆಗೆ ಬಿಟ್ಟ ಸ್ಥಳ ಬರೆದಿಲ್ಲ ನಾನು! ವ್ಯತ್ಯಾಸ ಒಂದೇ. ನನ್ನ ಪತ್ರಿಕೆಯಲ್ಲಿ ಸರಿಯುತ್ತರ ಒಂದೇ ಇರುತ್ತಿತ್ತು, ಅದೂ ಎಲ್ಲರಿಗೂ ಗೊತ್ತಿರುವಂಥದ್ದು. ಇಲ್ಲಿ ಯಾರೂ ನಿರೀಕ್ಷಿಸದ ಉತ್ತರ ಬೇಕು, ಆದರೆ ಕೂರಿಸಿದ ಮೇಲೆ ಅಲ್ಲಿಗೇ ಹುಟ್ಟಿದ್ದು ಅನ್ನಿಸಬೇಕು. ಕಪಾಟು ಜೋಡಿಸುವುದು ಯಾರ ಮನಸ್ಸನ್ನೂ ಕದಿಯುವ ಕೆಲಸವಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಅದು ಕೆಂಪು ಉಡುಪು ತೊಟ್ಟು ಬರುತ್ತದೆ.

ನಾನೂ ಒಂದು ಮಾಡುತ್ತೇನೆ ಎಂದು ಹಟ ಹಿಡಿದೆ. ಹುಡುಗ ಚಿತ್ರ ತೆರೆದುಕೊಟ್ಟ, ನಾನು ಹೇಳಿದ್ದನ್ನು ಹೇಳಿದಲ್ಲಿ ಬರೆದ. ಯುವಕನಿಗೆ "ಅಜ್ಜ". ಕೆಂಪು ಉಡುಪಿಗೆ "ಸೊಸೆ ಕಟ್ಟಿದ ಚಪಾತಿ". ಕೈ ಹಿಡಿದವಳಿಗೆ "ಇಟಾರ್ಸಿ ಪೂರಿ".

"ಉಲ್ಟಾ ಆಯ್ತು ಅಜ್ಜ. ಈಗ ಪೂರಿ ಸಿಟ್ಟು ಮಾಡ್ಕೊಂಡಿದೆ."

ನೋಡಿದರೆ ಹೌದು. ಪೂರಿ ನನ್ನ ಕೈ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದೆ. ಎರಡು ಹೆಸರು ಅದಲುಬದಲು ಮಾಡಿದ್ದೇ ತಡ, ಹುಡುಗ ಗೊಳ್ಳೆಂದ. ಸ್ಥಾನ ತಪ್ಪಿದರೆ ಅರ್ಥ ಬೋರಲು ಬೀಳುತ್ತದೆ. "ರಾಮನು ರಾವಣನನ್ನು ಕೊಂದನು" ಎಂಬಲ್ಲಿ ಪ್ರತ್ಯಯ ಆಚೀಚೆ ಮಾಡಿ ಬರೆದ ಮಕ್ಕಳಿಗೆ ನಾನು ಕೊಟ್ಟ ಸೊನ್ನೆಗಳು ನೆನಪಾದವು.

ಪದದ ಹುಟ್ಟು ಕೇಳದೆ ನನಗೆ ಊಟ ಸೇರುವುದಿಲ್ಲ. ಮೀಮ್ ಅಂದರೆ ಏನು? ಖಂಡ್ವಾ ಬರುವಷ್ಟರಲ್ಲಿ ಹುಡುಗ ಅದನ್ನೂ ಹುಡುಕಿಕೊಟ್ಟ. ರಿಚರ್ಡ್ ಡಾಕಿನ್ಸ್ ಎಂಬ ಜೀವವಿಜ್ಞಾನಿ 1976ರಲ್ಲಿ ಕಟ್ಟಿದ ಶಬ್ದ. ಅನುಕರಿಸಿದ್ದು ಎಂಬರ್ಥದ ಗ್ರೀಕ್ ಪದವನ್ನು ಜೀನ್ ಶಬ್ದದ ಪ್ರಾಸಕ್ಕೆ ಮೊಟಕುಮಾಡಿದ್ದು. ಜೀನು ದೇಹದಿಂದ ದೇಹಕ್ಕೆ ದಾಟುವಂತೆ ರಾಗ, ನಂಬಿಕೆ, ಉಡುವ ರೀತಿ ತಲೆಯಿಂದ ತಲೆಗೆ ದಾಟುತ್ತವೆ ಎನ್ನಲು ಅವನಿಗೊಂದು ಹೆಸರು ಬೇಕಿತ್ತಂತೆ. ಆಗ ಇಂಟರ್ನೆಟ್ಟಿನ ಚಿತ್ರದ ಸುದ್ದಿಯೇ ಇರಲಿಲ್ಲ. ನಮ್ಮ ಗಾದೆಯ ಹಾಗೆ, ಅಂದುಕೊಂಡೆ. ಗಾದೆ ಕಟ್ಟಿದವನು ಸತ್ತು ಯಾವ ಕಾಲವಾಯಿತೋ, ಹೇಳುವವರು ಮಾತ್ರ ತಮ್ಮ ಸಂದರ್ಭಕ್ಕೆ ಹೊಂದಿಸಿ ಹೇಳುತ್ತಲೇ ಇದ್ದಾರೆ.

ಭೂಸಾವಳದಲ್ಲಿ ಬಾಳೆಹಣ್ಣು ಕೊಂಡೆವು. ಮಧ್ಯಾಹ್ನ ಹುಡುಗ ತೋರಿಸಿದ ಚಿತ್ರಗಳಲ್ಲಿ ಕೆಲವು ಎಣ್ಣೆಯಲ್ಲಿ ಕರಿದ ಹಾಗೆ ಕೆಂಪು ಹಳದಿ ತಿರುಗಿ, ಅಂಚೆಲ್ಲ ಚೌಕ ಚೌಕವಾಗಿ ಒಡೆದಿದ್ದವು. ಮೊಬೈಲ್ ಹಾಳಾಗಿದೆ ಅಂದೆ. ಹಾಗಲ್ಲವಂತೆ. ಚಿತ್ರವನ್ನು ಉಳಿಸಿ ಕಳಿಸುವಾಗ ಜಾಗ ಉಳಿಸಲು ಪ್ರತಿ ಸಲ ಅದನ್ನು ಹಿಂಡುತ್ತಾರೆ, ಕಣ್ಣಿಗೆ ಅಷ್ಟಾಗಿ ಕಾಣದ ವಿವರವನ್ನು ಕೈಬಿಡುತ್ತಾರೆ. ಒಂದು ಸಲ ಹಿಂಡಿದರೆ ಗೊತ್ತಾಗುವುದಿಲ್ಲ, ಹಿಂಡಿದ್ದನ್ನೇ ಹಿಂಡಿ ಹಿಂಡಿ ನೂರು ಕೈ ದಾಟಿದರೆ ಹೀಗೆ. ನನಗೆ ಸೈಕ್ಲೋಸ್ಟೈಲ್ ಪ್ರಶ್ನೆಪತ್ರಿಕೆ ಕಣ್ಣಮುಂದೆ ಬಂತು. ಸ್ಟೆನ್ಸಿಲ್ ಹಳತಾದಂತೆ ಕೊನೆಯ ಬೆಂಚಿನವರಿಗೆ ಸಿಗುವ ಹಾಳೆಯಲ್ಲಿ "ಷ" ಯಾವುದು "ಪ" ಯಾವುದು ದೇವರೇ ಬಲ್ಲ. ಈ ಹುಡುಗರು ಮಾತ್ರ ಹೊಚ್ಚಹೊಸ ಚಿತ್ರವನ್ನು ಬೇಕೆಂದೇ ಹಾಗೆ ಕೆಡಿಸುತ್ತಾರೆ, ಡೀಪ್ ಫ್ರೈ ಅಂತ ಅದಕ್ಕೆ ಹೆಸರು. ಇದು ಊರೆಲ್ಲ ತಿರುಗಿ ಬಂದದ್ದು ಎಂಬ ವೇಷ. ಹೊಸ ಪಂಚೆಗೆ ಮಣ್ಣು ಹಚ್ಚಿಕೊಂಡು ಗದ್ದೆಯಿಂದ ಬಂದೆ ಅಂದ ಹಾಗೆ.

ಮನ್ಮಾಡ್ ದಾಟಿದ ಮೇಲೆ ಒಬ್ಬ ಮುದುಕನ ಚಿತ್ರ ಬಂತು. ಬಿಳಿ ಗಡ್ಡ, ಕೈಯಲ್ಲಿ ಕಾಫಿ ಲೋಟ, ಎದುರಿಗೆ ಲ್ಯಾಪ್‌ಟಾಪ್. ಬಾಯಿ ನಗುತ್ತಿದೆ, ಕಣ್ಣು ನಗುತ್ತಿಲ್ಲ. ನಾನು ಕೇಳುವ ಮೊದಲೇ ಹುಡುಗ ಹೇಳಿದ, "ಇವನನ್ನ ಹೆರಾಲ್ಡ್ ಅಂತಾರೆ, ನೋವು ಮುಚ್ಚಿಡುವ ಹೆರಾಲ್ಡ್. ನಿಜವಾದ ಹೆಸರು ಆಂದ್ರಾಶ್ ಅರಾಟೊ. ಹಂಗೇರಿಯವನು, ನಿವೃತ್ತ ಎಲೆಕ್ಟ್ರಿಕಲ್ ಇಂಜಿನಿಯರ್." ಅವನೂ ಮಾರಾಟದ ಫೋಟೋಗಳಿಗೆ ನಿಂತವನು. ತನ್ನ ಚಿತ್ರ ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಒಂದು ದಿನ ಹುಡುಕಿದಾಗ, ಜಗತ್ತು ತನ್ನ ನಗುವಿನೊಳಗೆ ಸಂಕಟ ಕಂಡು ನಗುತ್ತಿರುವುದು ಗೊತ್ತಾಯಿತಂತೆ. ಮೊದಮೊದಲು ಇರಿಸುಮುರಿಸು. ಆಮೇಲೆ ಒಪ್ಪಿಕೊಂಡು, ಅದೇ ಮುಖ ಹೊತ್ತು ದೇಶ ದೇಶ ಸುತ್ತಿದ.

ನಾನು ಆ ಮುಖವನ್ನು ಬಹಳ ಹೊತ್ತು ನೋಡಿದೆ. ನನ್ನ ಬೀಳ್ಕೊಡುಗೆಯ ದಿನದ ಫೋಟೋದಲ್ಲಿ, ಶಾಲು ಹೊದ್ದು, ಹಾರ ಹಾಕಿಸಿಕೊಂಡು ನಾನು ನಕ್ಕಿರುವುದು ಹೀಗೆಯೇ.

ಮೂರನೇ ದಿನ

ಎಚ್ಚರವಾದಾಗ ಕಿಟಕಿಯಾಚೆ ಅನಂತಪುರದ ಕೆಂಪು ಬಯಲು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು. ತಾಳಗುಪ್ಪದ ರೈಲು ರಾತ್ರಿಗೆ. ನಡುವಿನ ಹೊತ್ತನ್ನು ಮೆಜೆಸ್ಟಿಕ್ಕಿನ ಹೋಟೆಲೊಂದರಲ್ಲಿ ಊಟ, ಸ್ಟೇಷನ್ನಿನ ವೇಟಿಂಗ್ ಹಾಲಿನಲ್ಲಿ ತೂಕಡಿಕೆ ಎಂದು ಕಳೆದೆವು. ಬೆಂಗಳೂರಿನ ಬಗ್ಗೆ ಬರೆಯಲು ಬೇರೆಯವರಿದ್ದಾರೆ.

ವೇಟಿಂಗ್ ಹಾಲಿನಲ್ಲಿ ಎರಡು ಸಂಗತಿ ನಡೆದವು. ಒಂದು, ಹುಡುಗ ತೋರಿಸಿದ ಒಂದು ಚಿತ್ರ ನನಗೆ ಎಷ್ಟು ತಿಣುಕಿದರೂ ಬಿಡಿಸಲಾಗಲಿಲ್ಲ. ಬೂದು ಗೋಡೆ, ಅದರ ಮುಂದೆ ಒಂದು ಕುಂಬಳಕಾಯಿ, ಕೆಳಗೆ "ಮಂಗಳವಾರ" ಎಂದು ಬರೆದಿದೆ. ಶ್ಲೇಷವೋ, ಅನ್ಯೋಕ್ತಿಯೋ, ಯಾರಾದರೂ ಸಚಿವರೋ ಎಂದೆಲ್ಲ ಕೇಳಿದೆ. "ಅರ್ಥ ಇಲ್ಲ ಅಜ್ಜ. ಅರ್ಥ ಇದೆ ಅಂತ ಹುಡುಕ್ತಾ ಕೂರ್ತಾರಲ್ಲ, ಅದೇ ತಮಾಷೆ" ಅಂದ. ಅಂದರೆ ಅಲ್ಲಿ ನಗೆಪಾಟಲಾದವನು ನಾನು. ಕೆಂಪು ಉಡುಪಿನವಳ ಚಿತ್ರ ಕೂಡ ಈಗ ಹಳತಂತೆ, ಅದನ್ನು ಹಾಕುವವರು ಅಂಕಲ್‌ಗಳಂತೆ. ನನಗೋಸ್ಕರ ಒಂದನೇ ಕ್ಲಾಸಿನ ಪಾಠ ತೆಗೆದಿದ್ದ.

ಇನ್ನೊಂದು, ಅವನು ಸ್ನೇಹಿತನಿಗೆ ಬರೆಯುತ್ತಿದ್ದುದನ್ನು ಓರೆಗಣ್ಣಿನಿಂದ ನೋಡಿ, ಒಂದೂ ವಾಕ್ಯಕ್ಕೆ ಪೂರ್ಣವಿರಾಮ ಇಲ್ಲವಲ್ಲ ಮಾರಾಯಾ ಅಂದೆ. ಹುಡುಗ ಟೈಪು ಮಾಡುವುದನ್ನು ನಿಲ್ಲಿಸಿದ.

"ಪೂರ್ಣವಿರಾಮ ಇಟ್ರೆ ಸಿಟ್ಟು ಅಂತ ಅರ್ಥ ಅಜ್ಜ."

"ವಾಕ್ಯ ಮುಗೀತು ಅಂತ ಅರ್ಥ."

"ಪುಸ್ತಕದಲ್ಲಿ ಹೌದು. ಇಲ್ಲಿ ಮೆಸೇಜು ಕಳಿಸಿದ್ರೇ ವಾಕ್ಯ ಮುಗೀತು. ಆಮೇಲೂ ಒಂದು ಚುಕ್ಕಿ ಇಟ್ಟಿದಾರೆ ಅಂದ್ರೆ ಬೇಕು ಅಂತಲೇ ಇಟ್ಟಿದಾರೆ. ಸಾಕು, ಮಾತು ಮುಗೀತು, ಬಾಗಿಲು ಹಾಕ್ದೆ ಅಂದ ಹಾಗೆ." ಸ್ವಲ್ಪ ತಡೆದು, "ನೀನು ಹಂಗೇ ಬರೀತೀಯ. ಸರಿ. ಚುಕ್ಕಿ" ಅಂದ.

ಅಷ್ಟರಲ್ಲಿ ರೈಲಿನ ಘೋಷಣೆ ಕೂಗಿತು, ಇಬ್ಬರೂ ಚೀಲಗಳಿಗೆ ಬಾಗಿದೆವು.

ನಾಲ್ಕನೇ ದಿನ

ಭದ್ರಾವತಿ ಯಾವಾಗ ದಾಟಿತೋ ತಿಳಿಯದು. ಶಿವಮೊಗ್ಗದಲ್ಲಿ ಅರ್ಧ ಬೋಗಿ ಇಳಿದುಹೋಯಿತು. ಬೆಳಕು ಇನ್ನೂ ಹರಿದಿರಲಿಲ್ಲ. ಮುಂದಿನದು ನಮ್ಮ ದಾರಿ. ಮೀಟರ್ ಗೇಜ್ ಕಾಲದಲ್ಲಿ ಈ ಹಳಿಯ ಮೇಲೆ ಬಸ್ಸಿನಂಥ ರೈಲೊಂದು ಓಡುತ್ತಿತ್ತು. ರೈಲ್‌ಬಸ್ ಎನ್ನುತ್ತಿದ್ದೆವು. ಸಾಗರದಿಂದ ಶಿವಮೊಗ್ಗಕ್ಕೆ ಉತ್ತರಪತ್ರಿಕೆ ತಿದ್ದಲು ಅದರಲ್ಲಿ ಹೋದದ್ದುಂಟು.

ಕುಂಸಿ ಬಿಟ್ಟ ಮೇಲೆ ಕಾಡು ಎರಡೂ ಕಡೆಯಿಂದ ಹತ್ತಿರ ಬಂತು. ಕಿಟಕಿ ತೆಗೆದೆ. ಒದ್ದೆ ತರಗೆಲೆಯ ವಾಸನೆ ಒಳಗೆ ನುಗ್ಗಿತು. ರಾತ್ರಿ ಇಲ್ಲೆಲ್ಲ ಮುಂಗಾರಿಗೆ ಮೊದಲಿನ ಮಳೆ ಹೊಯ್ದಿದೆ. ಹುಡುಗನ ಮೊಬೈಲಿನಲ್ಲಿ ನೆಟ್‌ವರ್ಕಿನ ಗೆರೆಗಳು ಒಂದೊಂದೇ ಆರಿಹೋದವು. ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡತೊಡಗಿದ.

ನಾನು ನನ್ನ ಮೊಬೈಲ್ ತೆಗೆದೆ. ಆ ಚಿತ್ರವನ್ನು ಅಳಿಸಿರಲಿಲ್ಲ. ಯಾಕೆ ಇಟ್ಟುಕೊಂಡಿದ್ದೆನೋ. "ಇದನ್ನೊಂದು ಬಿಡಿಸು" ಎಂದು ಅವನ ಕೈಗೆ ಕೊಟ್ಟೆ.

ಅರಸಾಳು ಬರುವವರೆಗೂ ಅವನು ಮಾತಾಡಲಿಲ್ಲ.

"ನೀನೇ ಬಿಡಿಸು" ಅಂದ ಕೊನೆಗೆ. "ಟೆಂಪ್ಲೇಟ್ ಏನು ಹೇಳು."

ಕನ್ನಡಕ ಸರಿಮಾಡಿಕೊಂಡು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಚಿತ್ರಗಳು ಎರಡು, ಅಕ್ಕಪಕ್ಕ. ಮೊದಲನೆಯದರಲ್ಲಿ ಕೋಣೆಯೆಲ್ಲ ಉರಿಯುತ್ತಿದೆ, ಮಾಡಿನಡಿ ಹೊಗೆ ಕಟ್ಟಿದೆ, ನಾಯಿ ಮೇಜಿನ ಮುಂದೆ ಕೂತಿದೆ, ಮೇಜಿನ ಮೇಲೆ ಕಾಫಿ ಲೋಟ. ಎರಡನೆಯದರಲ್ಲಿ ನಾಯಿಯ ಮುಖ ಹತ್ತಿರದಿಂದ. ಅದು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದೆ. ಒಂಬತ್ತು ತಿಂಗಳಲ್ಲಿ ನಾನು ನಾಯಿಯನ್ನು ನೋಡಿದ್ದೆ, ಅದು ಏನು ಹೇಳುತ್ತಿದೆ ಎಂದು ಓದಿಯೇ ಇರಲಿಲ್ಲ. ಎಲ್ಲಾ ಸರಿ ಇದೆ, ಎನ್ನುತ್ತಿತ್ತು.

"ಸುತ್ತ ಉರೀತಾ ಇದೆ" ಅಂದೆ. "ನಡುವೆ ಕೂತವರು ಎಲ್ಲಾ ಸರಿ ಇದೆ ಅಂತಿದಾರೆ."

"ಹ್ಞಾಂ. ಬೆಂಕಿ ಯಾವ್ದು, ಕೂತವರು ಯಾರು, ಅದು ಬಿಟ್ಟ ಸ್ಥಳ. ಇದಕ್ಕೆ ಮೇಲೆ ಹೆಸರು ಬರೀಬೇಕಾಗಿಲ್ಲ. ಮೇಲಿನ ಮೆಸೇಜು ಯಾವ್ದಿದೆಯೋ ಅದೇ ಹೆಸರು."

ಮೇಲಿನ ಮೆಸೇಜು ನನ್ನದು.

"ಹಾಗಾದ್ರೆ ನಾಯಿ ನಾನೇ ಅಲ್ವೇನೋ?"

"ನೀನಲ್ಲ..." ಅಂದ. "ಅಂದ್ರೆ, ನೀನೇ. ಆದ್ರೆ ನಾಯಿ ಅಂತ ಅಲ್ಲ ಅಜ್ಜ! ನಾಯಿ ಮುಖ್ಯ ಅಲ್ಲ ಅಲ್ಲಿ. ಕೂತಿರೋದು ಮುಖ್ಯ. ಆವತ್ತು ಅಜ್ಜಿ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದ್ಲು. ಅರ್ಧ ತೋಟ ಉದುರಿದೆ, ಅವರು ಊಟ ಸರಿಯಾಗಿ ಮಾಡ್ತಿಲ್ಲ, ಮಳೇಲಿ ತೋಟದಲ್ಲೇ ನಿಂತಿರ್ತಾರೆ ಅಂತ. ಅಪ್ಪ ಅದಕ್ಕೇ ಗುಂಪಲ್ಲಿ ಕೇಳಿದ್ದು. ನೀನು ನೋಡಿದ್ರೆ ಸರಿ ಇದೆ, ಚಿಂತೆ ಬೇಡ ಅಂತ ಬರ್ದೆ. ನಂಗೆ... ಏನ್ ಹೇಳ್ಬೇಕು ಗೊತ್ತಾಗ್ಲಿಲ್ಲ. ಇದನ್ನ ಹಾಕ್ದೆ. ಆಮೇಲೆ ನೀನು ಚುಕ್ಕಿ ಇಟ್ಟೆ."

ಅಲಂಕಾರಶಾಸ್ತ್ರದವರು ಒಂದು ಉದಾಹರಣೆ ಕೊಡುತ್ತಾರೆ, ಓದಿದವರಿಗೆಲ್ಲ ಗೊತ್ತು: ಗಂಗೆಯ ಮೇಲೆ ಹಟ್ಟಿ. ನೀರಿನ ಮೇಲೆ ಹಟ್ಟಿ ನಿಲ್ಲುವುದಿಲ್ಲ, ಆದ್ದರಿಂದ ಗಂಗೆ ಎಂದರೆ ಇಲ್ಲಿ ಗಂಗೆಯ ದಡ. ನೇರ ಅರ್ಥ ನಿಲ್ಲದೆ ಹೋದಾಗ ಹತ್ತಿರದ ಇನ್ನೊಂದು ಅರ್ಥಕ್ಕೆ ದಾಟಬೇಕು, ಮುಖ್ಯಾರ್ಥಕ್ಕೆ ಬಾಧೆ ಬಂದರೆ ಲಕ್ಷ್ಯಾರ್ಥ. ದಡ ಎಂದೇ ಹೇಳಬಹುದಿತ್ತಲ್ಲ, ಗಂಗೆ ಯಾಕೆ? ಆ ತಂಪು, ಆ ಪಾವಿತ್ರ್ಯ ತೋರಲೆಂದು. ಅದು ವ್ಯಂಗ್ಯಾರ್ಥ. ಇದನ್ನು ಕರಿಹಲಗೆಯ ಮೇಲೆ ಹೊಳೆ ಬರೆದು, ಹಟ್ಟಿ ಬರೆದು ವಿವರಿಸುತ್ತಿದ್ದವನು ನಾನು. ಎರಡು ವರ್ಷದ ಮಗುವಾಗಿದ್ದಾಗ ನನ್ನ ಹೆಗಲ ಮೇಲಿಂದ ಇಳಿಯದ ಹುಡುಗ ನನ್ನನ್ನು ನಾಯಿ ಎನ್ನುತ್ತಾನೆಯೇ? ಆ ಅರ್ಥ ನಿಲ್ಲುವುದಿಲ್ಲ ಎಂದು ತಿಳಿಯಲು ಇದಕ್ಕಿಂತ ದೊಡ್ಡ ಬಾಧೆ ಯಾವುದು ಬೇಕಿತ್ತು! ಆದರೂ ನಾನು ಒಂಬತ್ತು ತಿಂಗಳು ನೀರಿನ ಮೇಲೆಯೇ ಹಟ್ಟಿ ಕಟ್ಟಿಕೊಂಡು ಕೂತಿದ್ದೆ.

ಇದನ್ನೆಲ್ಲ ಅವನಿಗೆ ಹೇಳಲಿಲ್ಲ. "ಚುಕ್ಕಿ ಸುಮ್ನೆ ಇಟ್ಟಿದ್ದು, ಅಭ್ಯಾಸ" ಅಂದೆ. ಅದು ಸುಳ್ಳು. ಅವನ ವ್ಯಾಕರಣದ ಪ್ರಕಾರ ನಾನು ಇಟ್ಟ ಚುಕ್ಕಿ ತೀರ ಸರಿಯಾಗಿತ್ತು.

ಆನಂದಪುರದಲ್ಲಿ ನೆಟ್‌ವರ್ಕ್ ಬಂತು. ಹುಡುಗ ಮತ್ತೇನನ್ನೋ ಹುಡುಕಿ ತೋರಿಸಿದ. ಆ ನಾಯಿ ಕೆ. ಸಿ. ಗ್ರೀನ್ ಎಂಬ ವ್ಯಂಗ್ಯಚಿತ್ರಕಾರನದು, 2013ರದ್ದು. ಅಸಲಿಗೆ ಚಿತ್ರಗಳು ಆರು. ಜನ ಹಂಚುವುದು ಮೊದಲ ಎರಡನ್ನು ಮಾತ್ರ. ಉಳಿದವುಗಳಲ್ಲಿ ನಾಯಿ ಕಾಫಿ ಕುಡಿಯುತ್ತದೆ, ಕೈಗೆ ಬೆಂಕಿ ಹತ್ತುತ್ತದೆ, ಆಗಲೂ ಪರವಾಗಿಲ್ಲ ಎನ್ನುತ್ತದೆ, ಕೊನೆಗೆ ಮುಖ ಮೇಣದಂತೆ ಕರಗಿ ಇಳಿಯುತ್ತದೆ. ನಾನು ಆ ಕೊನೆಯ ಚಿತ್ರದಿಂದ ಬೇಗ ಕಣ್ಣು ತೆಗೆದೆ. "ಇದನ್ನ ಯಾಕೆ ಕಳಿಸಲ್ಲ?" ಎಂದು ಕೇಳಿದರೆ, "ಎರಡಕ್ಕೇ ಗೊತ್ತಾಗತ್ತಲ್ಲ" ಅಂದ.

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಹನಿ ಬೀಳುತ್ತಿತ್ತು. ಆಟೋದವನು ಎರಡು ಚೀಲ ಹಿಂದೆ ಹಾಕಿ, ಒಂದನ್ನು ನನ್ನ ಮಡಿಲಿಗೆ ಕೊಟ್ಟ. ಮನೆ ಮುಟ್ಟಿದಾಗ ಹೆಂಡತಿ ತೋಡೇವಿನ ಡಬ್ಬಿ ತೆಗೆದಿಟ್ಟಿದ್ದಳು. ಹುಡುಗ ಬಟ್ಟೆ ಬದಲಿಸುವ ಮೊದಲೇ ಅದರ ಅರ್ಧ ಖಾಲಿ.

ಮಳೆ ಹಿಡಿಯುವ ಮೊದಲು ಮೊದಲ ಔಷಧಿ ಹೊಡೆಯಬೇಕು, ಅದಕ್ಕೇ ಇಷ್ಟು ಅವಸರದಲ್ಲಿ ದೆಹಲಿ ಬಿಟ್ಟದ್ದು. ಮಧ್ಯಾಹ್ನ ಮನೆ ಹಿಂದಿನ ಡ್ರಮ್ಮಿನ ಹತ್ತಿರ ಒಂದು ಹದ ಮಾಡಿ ತೋರಿಸಿದೆ. ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಸಣ್ಣಗೆ ಹೊಯ್ಯುತ್ತಾ ಕದಡಬೇಕು.

"ಇದನ್ನ ಅದಕ್ಕೆ ಹಾಕಿದ್ರೆ?" ಎಂದು ಹುಡುಗ ಸುಣ್ಣದ ಬಕೆಟ್ ತೋರಿಸಿದ.

"ಉಲ್ಟಾ ಆದ್ರೆ ಪೂರಿ ಸಿಟ್ಟು ಮಾಡ್ಕೊಳ್ತದೆ."

ಅವನು ಕದಡುವ ಕೋಲು ಬಿಟ್ಟು ನಕ್ಕ. ದ್ರಾವಣ ತಿಳಿನೀಲಿಯಾದ ಮೇಲೆ ಚಾಕುವಿನ ಅಲಗನ್ನು ಅದ್ದಿಟ್ಟೆ. ಸ್ವಲ್ಪ ಹೊತ್ತಿಗೆ ತೆಗೆದರೆ ಅಲಗಿನ ಮೇಲೆ ಕೆಂಚಗಿನ ಪೊರೆ. ತಾಮ್ರ ಹಿಡಿದಿದೆ ಎಂದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಸಿಂಗಾರದ ಹೂಗೊಂಚಲು ಸುಟ್ಟುಹೋಗುತ್ತದೆ. ಇನ್ನೊಂದು ಚೊಂಬು ಸುಣ್ಣದ ನೀರು ಹಾಕಿ, ಅಲಗು ಉಜ್ಜಿ ಮತ್ತೆ ಅದ್ದಿದೆವು. ಈ ಸಲ ಹೊಳಪು ಹಾಗೇ ಇತ್ತು. ಹುಡುಗ ಎರಡೂ ಸಲದ ಅಲಗಿನ ಫೋಟೋ ತೆಗೆದುಕೊಂಡ. ಅದರ ಮೇಲೆ ಏನು ಬರೆಯುತ್ತಾನೋ.

ಅಷ್ಟರಲ್ಲಿ ಕೊನೆಗೌಡನ ಮನೆಯಿಂದ ಫೋನು. ಅವನ ತಂಗಿಯ ಮನೆಯಲ್ಲಿ ಮದುವೆ, ಇನ್ನು ನಾಲ್ಕು ದಿನ ಬರುವುದಿಲ್ಲ. ಕಲಸಿಟ್ಟ ದ್ರಾವಣ ಅಲ್ಲಿಯವರೆಗೆ ಉಳಿಯುವುದಿಲ್ಲ, ಅಂದೇ ಹೊಡೆಯಬೇಕು. ನೋಡುನೋಡುತ್ತಿದ್ದಂತೆ ಪಡುವಣದ ಗುಡ್ಡದ ಮೇಲಿಂದ ಮಳೆ ಇಳಿಯಿತು, ಹೆಂಚಿನ ಮೇಲೆ ಕಲ್ಲು ಸುರಿದ ಸದ್ದು. ತಿಳಿನೀಲಿ ಡ್ರಮ್ಮಿನ ಮೇಲೆ ಗೋಣಿತಾಟು ಎಳೆದು ಜಗಲಿಗೆ ಓಡಿದೆವು.

ಸಂಜೆ ಮಳೆ ಸ್ವಲ್ಪ ಹೊಳವಾದಾಗ ದಿಬ್ಬ ಹತ್ತಿದೆ. ಮಗನ ಮೆಸೇಜು ಬಂದಿತ್ತು. ಮುಟ್ಟಿದ್ರಾ ಅಪ್ಪ, ತೋಟ ಹೇಗಿದೆ? ಬೆರಳು ತಾನಾಗಿ "ಎಲ್ಲಾ ಸರಿ" ಎಂಬಷ್ಟು ಬರೆದಿತ್ತು. ಅಳಿಸಿದೆ. ನೂರು ಲೀಟರ್ ಔಷಧಿ ಕಲಸಿಟ್ಟಿದೆ, ಕೊನೆಗೌಡ ನಾಲ್ಕು ದಿನ ಇಲ್ಲ, ಮಳೆ ಶುರುವಾಗಿದೆ ಎಂದು ಬರೆದೆ. ಕೆಳಗೆ ನಾಯಿಯನ್ನು ಅಂಟಿಸಿದೆ. ಚುಕ್ಕಿ ಇಡಲಿಲ್ಲ. ಕೈ ಸ್ವಲ್ಪ ನಡುಗಿತು, ಮೂವತ್ತೊಂದು ವರ್ಷದ ಅಭ್ಯಾಸ.

ಕೆಳಗೆ ಇಳಿದು ಬರುವಷ್ಟರಲ್ಲಿ ಜಗಲಿಯಲ್ಲಿ ಮೊಮ್ಮಗ ತನ್ನ ಮೊಬೈಲನ್ನು ಎತ್ತಿ ಎತ್ತಿ ಹಿಡಿದು ಗೆರೆ ಹುಡುಕುತ್ತಿದ್ದ. ಹೆಂಡತಿ ಮಾತ್ರ ನನ್ನ ಕೈಯಿಂದ ಮೊಬೈಲ್ ಇಸಕೊಂಡು, ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ಯಾರ ಮನೆ ನಾಯಿ?" ಅಂದಳು. "ಪಾಪ, ಯಾರೂ ಎಬ್ಬಿಸ್ಲಿಲ್ವಾ ಅದನ್ನ?"